ಪ್ರೊಟೆಕ್ಟಿವ್ ಪುಟ್ ಚಿತ್ರ ಇಷ್ಟು ಚೆನ್ನಾಗಿರುವಾಗ ಕವರ್ಡ್ ಕಾಲ್ ಯಾಕೆ ಮಾಡುತ್ತಾರೆ?

ಶ್ರೀಲತಾ

ಒಂದೇ ಕಂಪನಿಯ ಷೇರು ನನ್ನ ಹತ್ತಿರ ಸ್ವಲ್ಪ ಜಾಸ್ತಿಯೇ ಇದೆ. ಮಾರಲು ಮನಸ್ಸಿಲ್ಲ, ಬಿದ್ದರೆ ಏನು ಗತಿ ಅನ್ನೋ ಯೋಚನೆಯೂ ಬಿಡುತ್ತಿಲ್ಲ. ಅದಕ್ಕೇ ಆಪ್ಷನ್ ಬಗ್ಗೆ ಓದುತ್ತಾ ಎರಡು ಪೇಆಫ್ ಚಿತ್ರ ಬರೆದೆ. ಲೆಕ್ಕ ಸುಲಭವಾಗಲಿ ಅಂತ ಷೇರು ಈಗ 100ರಲ್ಲಿದೆ, ಆಪ್ಷನ್ ಮುಗಿಯುವ ದಿನಕ್ಕೆ, ಅಂದರೆ ಎಕ್ಸ್‌ಪೈರಿಗೆ ಮೂರು ತಿಂಗಳಿದೆ ಅಂತ ಇಟ್ಟುಕೊಂಡೆ.

ಮೊದಲನೆಯದು ಪ್ರೊಟೆಕ್ಟಿವ್ ಪುಟ್. ಷೇರಿನ ಜೊತೆ 95ರ ಪುಟ್, ಅಂದರೆ ಷೇರನ್ನು 95ಕ್ಕೆ ಮಾರುವ ಹಕ್ಕು ಕೊಂಡಿದ್ದೇನೆ, ಅದಕ್ಕೆ ಕೊಟ್ಟ ಪ್ರೀಮಿಯಂ 3. ಎಡಗಡೆ ಗೆರೆ ಮೈನಸ್ 8ರಲ್ಲಿ ಮಟ್ಟಸವಾಗಿ ಬರುತ್ತದೆ. 95ರಲ್ಲಿ ತಿರುಗಿ ಮೇಲಕ್ಕೆ ಹೊರಡುತ್ತದೆ, 103ರಲ್ಲಿ ಸೊನ್ನೆ ದಾಟುತ್ತದೆ, ಆಮೇಲೆ ತಡೆಯೇ ಇಲ್ಲ. ಎರಡನೆಯದು ಕವರ್ಡ್ ಕಾಲ್. ಷೇರಿನ ಮೇಲೆ 105ರ ಕಾಲ್, ಅಂದರೆ ನನ್ನ ಷೇರನ್ನು 105ಕ್ಕೆ ಕೊಳ್ಳುವ ಹಕ್ಕು ಇನ್ನೊಬ್ಬರಿಗೆ ಮಾರಿದ್ದೇನೆ, 4 ಕೈಗೆ ಬಂದಿದೆ. ಇಲ್ಲಿ ಗೆರೆ 96ರಲ್ಲಿ ಸೊನ್ನೆ ದಾಟಿ, 105ರಲ್ಲಿ ಪ್ಲಸ್ 9 ಮುಟ್ಟಿ, ಅಲ್ಲಿಂದ ಮುಂದೆ ಚಪ್ಪಟೆ. ಎಡಗಡೆ ಮಾತ್ರ ಷೇರಿನ ಜೊತೆಗೇ ಇಳಿಯುತ್ತಾ ಹೋಗುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಒಂದರಲ್ಲಿ ನಷ್ಟಕ್ಕೆ ಮಿತಿ ಇದೆ, ಲಾಭಕ್ಕೆ ಇಲ್ಲ. ಇನ್ನೊಂದರಲ್ಲಿ ಲಾಭಕ್ಕೆ ಮಿತಿ, ನಷ್ಟ ಹೆಚ್ಚುಕಮ್ಮಿ ಪೂರ್ತಿ ನನ್ನದೇ. ಹೀಗಿರುವಾಗ ಎರಡನೆಯದನ್ನು ಯಾರಾದರೂ ಯಾಕೆ ಮಾಡಬೇಕು? ಆದರೂ ಎಲ್ಲಿ ನೋಡಿದರೂ ಕವರ್ಡ್ ಕಾಲ್ ಮಾಡುವವರೇ ಕಾಣುತ್ತಾರೆ.

ಬಾಲಂಗೋಚಿ

ಉತ್ತರ ಸುಲಭ ಮೇಡಂ. ಪುಟ್‌ಗೆ ನೀವು ದುಡ್ಡು ಕೊಡಬೇಕು, ಕಾಲ್‌ನಲ್ಲಿ ನಿಮಗೆ ದುಡ್ಡು ಬರುತ್ತದೆ. ಷೇರು ಸುಮ್ನೆ ಕೂತಿದ್ದರೂ 4 ನಿಮ್ಮದೇ. ಏರಿದರೆ 9. ಬಿದ್ದರೂ 4ರಷ್ಟು ರಕ್ಷಣೆ ಇದೆ. ಹೇಗಿದ್ದರೂ ಷೇರು ಇಟ್ಟುಕೊಂಡೇ ಇರುತ್ತೀರಿ, ಬಾಡಿಗೆ ಬರುವುದಾದರೆ ಬೇಡ ಅನ್ನುತ್ತೀರಾ? ನಾನು ಪ್ರತಿ ತಿಂಗಳೂ ಮಾಡುತ್ತೇನೆ. ಪುಟ್ ಕೊಳ್ಳುವುದು ದುಡ್ಡು ಸುರಿಯುವ ಕೆಲಸ, ಬಹಳ ಸಲ ಸೊನ್ನೆಯಾಗಿ ಮುಗಿಯುತ್ತದೆ.

ಕಿಟಕಿಬದಿ

ಪುಟ್ ಮಾರುವುದು ತುಂಬಾ ಅಪಾಯ. ಷೇರು ಬಿದ್ದರೆ ನೀವೇ ಕೊಳ್ಳಬೇಕಾಗುತ್ತದೆ, ಮಾರ್ಜಿನ್ ಕೂಡ ಕೇಳುತ್ತಾರೆ. ಹೊಸಬರು ಆ ಕಡೆ ಹೋಗಬೇಡಿ.

ಶ್ರೀಲತಾ

ನಾನು ಪುಟ್ ಕೊಳ್ಳುವ ಬಗ್ಗೆ ಕೇಳಿದ್ದು, ಮಾರುವ ಬಗ್ಗೆ ಅಲ್ಲ.

ಲೆಕ್ಕದಪುಸ್ತಕ

ಕಿಟಕಿಬದಿಯವರು ಪ್ರಶ್ನೆ ತಪ್ಪಾಗಿ ಓದಿದರೂ ಅವರ ಮಾತು ಇಲ್ಲಿಗೇ ಬಂದು ಸೇರುತ್ತದೆ. ಕವರ್ಡ್ ಕಾಲ್ ಚಿತ್ರವನ್ನು ಷೇರಿನ ಹೆಸರು ಅಳಿಸಿ ನೋಡಿ. ಎಡಗಡೆ ಇಳಿಜಾರು, ಬಲಗಡೆ ಚಪ್ಪಟೆ. ಅದು ಪುಟ್ ಮಾರಿದವನ ಚಿತ್ರವೇ. ಹಾಗೆಯೇ ಪ್ರೊಟೆಕ್ಟಿವ್ ಪುಟ್ ಚಿತ್ರ ಕಾಲ್ ಕೊಂಡವನ ಚಿತ್ರ. ಇದು ಬರೀ ನೋಟದ ಹೋಲಿಕೆ ಅಲ್ಲ. ಷೇರು ಇಟ್ಟು 105ರ ಕಾಲ್ ಮಾರುವುದೂ, ಹಣ ಬಡ್ಡಿಗೆ ಇಟ್ಟು 105ರ ಪುಟ್ ಮಾರುವುದೂ ಎಕ್ಸ್‌ಪೈರಿ ದಿನ ಒಂದೇ ಫಲ ಕೊಡುತ್ತವೆ. "ಪುಟ್ ಮಾರುವುದು ಅಪಾಯ, ಕವರ್ಡ್ ಕಾಲ್ ಸುರಕ್ಷಿತ" ಅನ್ನುವ ಮಾತನ್ನು ಒಟ್ಟೊಟ್ಟಿಗೆ ಹೇಳುವವರು ಒಂದೇ ವಸ್ತುವನ್ನು ಹೊಗಳಿ ಬೈಯುತ್ತಿದ್ದಾರೆ.

ಇನ್ನು ಶ್ರೀಲತಾ ಅವರ ಪ್ರಶ್ನೆ. ಎರಡು ಗೆರೆಗಳನ್ನೂ ಒಂದೇ ಕಾಗದದ ಮೇಲೆ ಬರೆಯಿರಿ. ಎಲ್ಲಿ ಒಂದನ್ನೊಂದು ದಾಟುತ್ತವೆ ನೋಡಿ. ಎಡಗಡೆ 88ರಲ್ಲಿ: ಪುಟ್ ಇದ್ದವರಿಗೂ ಮೈನಸ್ 8, ಕಾಲ್ ಮಾರಿದವರಿಗೂ ಮೈನಸ್ 8. ಬಲಗಡೆ 112ರಲ್ಲಿ: ಇಬ್ಬರಿಗೂ ಪ್ಲಸ್ 9. ಈ 88 ಮತ್ತು 112ರ ನಡುವೆ ಷೇರು ಎಲ್ಲೇ ನಿಂತರೂ ಕವರ್ಡ್ ಕಾಲ್ ಮುಂದಿರುತ್ತದೆ. 100ರಲ್ಲೇ ನಿಂತರೆ ಒಬ್ಬರಿಗೆ ಪ್ಲಸ್ 4, ಇನ್ನೊಬ್ಬರಿಗೆ ಮೈನಸ್ 3. ಏಳು ಅಂಕಿಯ ಅಂತರ.

ಚಿತ್ರ ಕಣ್ಣಿಗೆ ಮೋಸ ಮಾಡುವುದು ಇಲ್ಲೇ. ಕಾಗದದ ಮೇಲೆ 60ರಿಂದ 140ರವರೆಗೆ ಎಲ್ಲ ಬೆಲೆಗೂ ಒಂದೇ ಅಗಲ ಕೊಟ್ಟಿದ್ದೀರಿ. ಆದರೆ ಮೂರು ತಿಂಗಳಲ್ಲಿ ಷೇರು 60ಕ್ಕೋ 140ಕ್ಕೋ ಹೋಗುವುದು ಅಪರೂಪ. ಬಹಳ ಸಲ ನಿಲ್ಲುವುದು ನಡುವಿನಲ್ಲಿ, ಅಂದರೆ ಪುಟ್ ಹಿಂದೆ ಬೀಳುವ ಜಾಗದಲ್ಲಿ. ಎಷ್ಟು ಸಲ ಅನ್ನುವುದನ್ನು ಪೇಆಫ್ ಚಿತ್ರ ಹೇಳುವುದೇ ಇಲ್ಲ. ಅದನ್ನು ಹೇಳುವುದು ಪ್ರೀಮಿಯಂ. ಚಿತ್ರ ಎಷ್ಟು ಸುಂದರವೋ ಪ್ರೀಮಿಯಂ ಅಷ್ಟು ದುಬಾರಿ.

ಅಂಕಿಮಿಡತೆ

ಯಾರಿಗಾದರೂ ಬೇಕಾದರೆ, 95, 105 ಅನ್ನುವ ಸ್ಟ್ರೈಕ್, ಪ್ರೀಮಿಯಂ ಬದಲಿಸಿ ನೋಡಲು:

```python
import numpy as np
S  = np.arange(70, 136, 1)
pp = S - 100 + np.maximum(95 - S, 0) - 3
cc = S - 100 - np.maximum(S - 105, 0) + 4
print(S[cc > pp])
```

ಕೊನೆಯ ಸಾಲು 89ರಿಂದ 111ರವರೆಗೆ ಅಚ್ಚು ಮಾಡುತ್ತದೆ. 88, 112ರಲ್ಲಿ ಎರಡೂ ಸಮ.

ಬಾಲಂಗೋಚಿ

ನೋಡಿ, ನಾನು ಹೇಳಿದ್ದೂ ಅದೇ ಅಲ್ವಾ. ನಡುವಿನಲ್ಲೇ ಜಾಸ್ತಿ ಸಲ ನಿಲ್ಲುತ್ತದೆ, ಅಲ್ಲಿ ಕಾಲ್ ಮಾರಿದವನೇ ಗೆಲ್ಲುತ್ತಾನೆ.

ಲೆಕ್ಕದಪುಸ್ತಕ

ಜಾಸ್ತಿ ಸಲ ಗೆಲ್ಲುತ್ತಾನೆ, ಒಪ್ಪಿದೆ. ಜಾಸ್ತಿ ಗೆಲ್ಲುತ್ತಾನೆ ಅನ್ನುವುದು ಬೇರೆ ಮಾತು. ನಿಮ್ಮ "4ರಷ್ಟು ರಕ್ಷಣೆ"ಯನ್ನೇ ತೆಗೆದುಕೊಳ್ಳಿ. ಷೇರು 80ಕ್ಕೆ ಬಿದ್ದರೆ ಸುಮ್ಮನೆ ಇಟ್ಟುಕೊಂಡವನಿಗೆ ಮೈನಸ್ 20, ನಿಮಗೆ ಮೈನಸ್ 16, ಪುಟ್ ಇದ್ದವರಿಗೆ ಮೈನಸ್ 8. 60ಕ್ಕೆ ಬಿದ್ದರೆ ಮೈನಸ್ 40, ಮೈನಸ್ 36, ಮೈನಸ್ 8. ಪೆಟ್ಟು ದೊಡ್ಡದಾದಷ್ಟೂ ನಿಮ್ಮ 4 ಲೆಕ್ಕಕ್ಕೇ ಬರುವುದಿಲ್ಲ. ಅದು ರಕ್ಷಣೆ ಅಲ್ಲ, ಒಂದಿಷ್ಟು ರಿಯಾಯಿತಿ.

ಬಾಡಿಗೆ ಅನ್ನುವ ಮಾತೂ ನನಗೆ ಹಿಡಿಸುವುದಿಲ್ಲ. ಬಾಡಿಗೆದಾರ ಮನೆ ಬಿಟ್ಟುಹೋಗುವಾಗ ಬೆಲೆ ಏರಿದ್ದರೆ ಮನೆಯನ್ನೇ ಹಳೇ ಬೆಲೆಗೆ ಕೊಂಡುಕೊಳ್ಳುವ ಹಕ್ಕು ಇಟ್ಟುಕೊಂಡಿರುವುದಿಲ್ಲ.

ನಡುದಾರಿ

ಅಲ್ಲ ಸ್ವಾಮಿ, ನಿಮ್ಮ ಚಿತ್ರಗಳೆಲ್ಲ 100ಕ್ಕೆ ಕೊಂಡವರಿಗೆ. ನಾನು ಈ ತರಹದ್ದೇ ಒಂದು ಷೇರನ್ನು ಬಹಳ ಹಿಂದೆ 40ಕ್ಕೆ ಕೊಂಡವನು. ನನ್ನ ಕವರ್ಡ್ ಕಾಲ್ ಚಿತ್ರ 36ರವರೆಗೆ ನಷ್ಟವನ್ನೇ ತೋರಿಸುವುದಿಲ್ಲ. ಹೋದ ಸಲ 105ರ ಕಾಲ್ ಮಾರಿದ್ದೆ, ಷೇರು 130 ದಾಟಿತು, 105ಕ್ಕೆ ಕೊಟ್ಟುಬಿಟ್ಟೆ. 65 ಲಾಭ, ಮೇಲೆ 4. ಎಲ್ಲರೂ ಅಯ್ಯೋ ಪಾಪ ಅಂದರು. ನನಗೇನೂ ಬೇಜಾರಾಗಲಿಲ್ಲ.

ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಷೇರು ಎಕ್ಸ್‌ಪೈರಿಗೆ ಹತ್ತು ದಿನ ಮುಂಚೆಯೇ ಹೋಯಿತು. ಮರುದಿನ ಡಿವಿಡೆಂಡ್‌ನ ಎಕ್ಸ್ ಡೇಟ್ ಇತ್ತು, ಅದಕ್ಕೆ ಮುಂಚೆ ಷೇರು ಇದ್ದವರಿಗೇ ಡಿವಿಡೆಂಡ್. ಅದೂ ತಪ್ಪಿತು.

ಅಂಕಿಮಿಡತೆ

ಅದು ಕಾಕತಾಳೀಯ ಅಲ್ಲ. ಅವಧಿಗೆ ಮುಂಚೆ ಹಕ್ಕು ಚಲಾಯಿಸಿ ಎಕ್ಸರ್ಸೈಸ್ ಮಾಡಬಹುದಾದ ಕಾಲ್ ಆಗಿದ್ದರೆ, ಉಳಿದ ಸಮಯಕ್ಕಾಗಿ ಅದರಲ್ಲಿರುವ ಬೆಲೆ, ಅಂದರೆ ಟೈಮ್ ವ್ಯಾಲ್ಯೂಗಿಂತ ಡಿವಿಡೆಂಡ್ ದೊಡ್ಡದಾದಾಗ ಕೊಂಡವನು ಎಕ್ಸ್ ಡೇಟ್‌ಗೆ ಹಿಂದಿನ ದಿನವೇ ಷೇರು ಎತ್ತಿಕೊಳ್ಳುತ್ತಾನೆ. 130ರ ಷೇರಿನ ಮೇಲೆ 105ರ ಕಾಲ್, ಹತ್ತು ದಿನ ಬಾಕಿ ಅಂದರೆ ಟೈಮ್ ವ್ಯಾಲ್ಯೂ ಹೆಚ್ಚುಕಮ್ಮಿ ಸೊನ್ನೆ. ಎಕ್ಸ್‌ಪೈರಿ ದಿನ ಮಾತ್ರ ಎಕ್ಸರ್ಸೈಸ್ ಆಗುವ ಆಪ್ಷನ್‌ಗಳಲ್ಲಿ ಈ ತಾಪತ್ರಯ ಇರುವುದಿಲ್ಲ.

ಲೆಕ್ಕದಪುಸ್ತಕ

ನಡುದಾರಿಯವರೇ, ತೆರಿಗೆ ಒಂದನ್ನು ಬಿಟ್ಟರೆ ನಿಮ್ಮ 40ಕ್ಕೆ ಈ ತೀರ್ಮಾನದಲ್ಲಿ ಕೆಲಸವಿಲ್ಲ. ಷೇರು ಈಗ 100. ಇವತ್ತು ಮಾರಿದರೆ 100 ಕೈಗೆ ಬರುತ್ತಿತ್ತು, ಮಾರಲಿಲ್ಲ. ಅಂದರೆ ಇವತ್ತು 100 ಪಣಕ್ಕಿಟ್ಟಿದ್ದೀರಿ. ಚಿತ್ರ 40ರಿಂದ ಬರೆದರೆ ಗೆರೆ ಪೂರ್ತಿ 60 ಮೇಲಕ್ಕೆ ಜಾರುತ್ತದೆ ಅಷ್ಟೇ, ಅದರ ಆಕಾರ ಒಂದಿಷ್ಟೂ ಬದಲಾಗುವುದಿಲ್ಲ. ಷೇರು 60ಕ್ಕೆ ಬಿದ್ದಾಗ ನಿಮ್ಮ ಚಿತ್ರ ಪ್ಲಸ್ 24 ಅನ್ನುತ್ತದೆ, ಕೈಯಲ್ಲಿದ್ದದ್ದರಲ್ಲಿ 36 ಹೋಗಿರುತ್ತದೆ.

ನಡುದಾರಿ

ಲೆಕ್ಕ ಸರಿ ಇರಬಹುದು. ರಾತ್ರಿ ನಿದ್ದೆ ಮಾಡುವವನು ನಾನು, 40ರಿಂದ ಬರೆದ ಚಿತ್ರದಲ್ಲಿ ನನಗೆ ನಿದ್ದೆ ಬರುತ್ತದೆ.

ಕಿಟಕಿಬದಿ

ಈಗ ಸರಿಯಾಗಿ ಓದಿದೆ, ಕ್ಷಮಿಸಿ. ನಷ್ಟ 95ಕ್ಕೆ ನಿಲ್ಲಬೇಕು, ಅಷ್ಟೇ ತಾನೆ? 95ಕ್ಕೆ ಸ್ಟಾಪ್ ಲಾಸ್ ಹಾಕಿ. 3 ಉಳಿಯುತ್ತದೆ. ನೆಲ ಮೈನಸ್ 5ಕ್ಕೇ ಬರುತ್ತದೆ, ಪುಟ್‌ನ ಮೈನಸ್ 8ಕ್ಕಿಂತ ಒಳ್ಳೇದು.

ಲೆಕ್ಕದಪುಸ್ತಕ

ಸ್ಟಾಪ್ ಲಾಸ್ 95ಕ್ಕೆ ಮಾರುತ್ತೇನೆ ಅನ್ನುವುದಿಲ್ಲ. 95 ಮುಟ್ಟಿದ ಮೇಲೆ ಸಿಕ್ಕಿದ ಬೆಲೆಗೆ ಮಾರುತ್ತೇನೆ ಅನ್ನುತ್ತದೆ. ಸಂಜೆ 98ರಲ್ಲಿ ಮುಗಿದ ಷೇರು, ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ 80ರಲ್ಲಿ ತೆರೆದರೆ ನಿಮ್ಮದು 80ಕ್ಕೇ ಹೋಗುತ್ತದೆ. ಪುಟ್ ಇದ್ದವರಿಗೆ ಆಗಲೂ 95 ಸಿಗುತ್ತದೆ. ಇದರ ತಿರುವುಮುರುವೂ ಇದೆ. ಷೇರು 94ಕ್ಕೆ ಇಣುಕಿ, ತಿರುಗಿ 120ಕ್ಕೆ ಹೋಯಿತು ಅನ್ನಿ. ಸ್ಟಾಪ್ ಹಾಕಿದವನು 95ರ ಸುಮಾರಿಗೆ ಹೊರಬಿದ್ದಿರುತ್ತಾನೆ. ಪುಟ್ ಇದ್ದವರು ಒಳಗೇ ಇದ್ದು 17 ಗಳಿಸಿರುತ್ತಾರೆ. ನಡುವೆ ಏನೇ ಆದರೂ ಎಕ್ಸ್‌ಪೈರಿವರೆಗೆ ಕಾಯುವ ಹಕ್ಕು ಪುಟ್‌ನಲ್ಲಿದೆ, ಆ 3 ಹೋಗುವುದು ಅದಕ್ಕೆ.

ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದವರಿದ್ದರು. 1980ರ ದಶಕದಲ್ಲಿ ಅಮೆರಿಕದ ದೊಡ್ಡ ಫಂಡ್‌ಗಳು ಪುಟ್ ಕೊಳ್ಳುವ ಬದಲು, ಮಾರುಕಟ್ಟೆ ಇಳಿದಂತೆಲ್ಲ ಫ್ಯೂಚರ್ಸ್ ಮಾರುತ್ತಾ ಹೋಗಿ ಪುಟ್‌ನದೇ ಆಕಾರ ತಯಾರಿಸುತ್ತಿದ್ದವು. ಪೋರ್ಟ್‌ಫೋಲಿಯೋ ಇನ್ಶೂರೆನ್ಸ್ ಅಂತ ಅದರ ಹೆಸರು. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ 22.6 ಶೇಕಡಾ ಬಿತ್ತು. ಎಲ್ಲರೂ ಒಟ್ಟಿಗೆ ಮಾರಲು ನುಗ್ಗಿದರು, ಬೇಕಾದ ಬೆಲೆಯಲ್ಲಿ ಕೊಳ್ಳುವವರೇ ಇರಲಿಲ್ಲ. ಕಾಗದದ ಮೇಲಿದ್ದ ನೆಲ ಆ ದಿನ ಸಿಗಲಿಲ್ಲ. ಅಲ್ಲಿಂದೀಚೆಗೆ ಸೂಚ್ಯಂಕದ ಮೇಲೆ ದೂರದ ಪುಟ್‌ಗಳು ಅಷ್ಟೇ ದೂರದ ಕಾಲ್‌ಗಳಿಗಿಂತ ದುಬಾರಿಯಾಗಿಯೇ ಉಳಿದಿವೆ. ಶ್ರೀಲತಾ ಅವರ ಲೆಕ್ಕದಲ್ಲಿ ಪುಟ್ 3, ಕಾಲ್ 4 ಇದೆ. ಸೂಚ್ಯಂಕದಲ್ಲಾದರೆ ಸಾಮಾನ್ಯವಾಗಿ ಉಲ್ಟಾ ನೋಡುತ್ತೀರಿ.

ಶ್ರೀಲತಾ

88–112 ಲೆಕ್ಕ ಮಾಡಿ ನೋಡಿದೆ, ಸರಿಯಾಗಿ ಬಂತು. ಹಾಗಾದರೆ ನನ್ನಂಥವರು ಪುಟ್ ಕೊಳ್ಳುತ್ತಾ ಹೋದರೆ ಪ್ರತಿ ಮೂರು ತಿಂಗಳಿಗೆ 3 ಖರ್ಚು, ಆದರೆ 8ಕ್ಕಿಂತ ಜಾಸ್ತಿ ಎಂದೂ ಕಳೆದುಕೊಳ್ಳುವುದಿಲ್ಲ. ಇಷ್ಟು ಅರ್ಥವಾದರೆ ಸಾಕಲ್ವಾ?

ಇನ್ನೊಂದು ಸಣ್ಣ ಅನುಮಾನ. ಕೊಂಡ ಒಂದೇ ವಾರದಲ್ಲಿ ಷೇರು 90 ಆದರೆ ನನ್ನ ಖಾತೆ ಮೈನಸ್ 8 ತೋರಿಸಬೇಕು ತಾನೆ?

ಲೆಕ್ಕದಪುಸ್ತಕ

ಸಣ್ಣದಕ್ಕೆ ಮೊದಲು ಉತ್ತರ. ಇಲ್ಲ. ಆ ಚಿತ್ರ ಎಕ್ಸ್‌ಪೈರಿ ದಿನದ್ದು. ಒಂದು ವಾರಕ್ಕೆ 90 ಆದರೆ 95ರ ಪುಟ್‌ಗೆ ಬರೀ 5 ಇರುವುದಿಲ್ಲ, ಇನ್ನೂ ಸಮಯ ಉಳಿದಿರುವುದರಿಂದ 7.5ರ ಆಸುಪಾಸು ಇರುತ್ತದೆ. ನಿಮ್ಮ ಖಾತೆ ಮೈನಸ್ 5.5 ತೋರಿಸುತ್ತದೆ. ಕವರ್ಡ್ ಕಾಲ್‌ನಲ್ಲಿ ಇದು ಉಲ್ಟಾ ಹೊಡೆಯುತ್ತದೆ. ವಾರದಲ್ಲಿ 115ಕ್ಕೆ ಜಿಗಿದರೆ ಚಿತ್ರ ಪ್ಲಸ್ 9 ಅನ್ನುತ್ತದೆ, ಆದರೆ ಮಾರಿದ ಕಾಲ್ ಸುಮಾರು 13 ಆಗಿರುತ್ತದೆ, ಖಾತೆಯಲ್ಲಿ ಪ್ಲಸ್ 6 ಮಾತ್ರ. ಉಳಿದ 3ಕ್ಕಾಗಿ ಎಕ್ಸ್‌ಪೈರಿವರೆಗೆ ಕಾಯಬೇಕು, ಅಷ್ಟರಲ್ಲಿ ಷೇರು ಕೆಳಗೆ ಬರದಿದ್ದರೆ. ಚೂಪು ಮೂಲೆಗಳೆಲ್ಲ ಕೊನೆಯ ದಿನಕ್ಕೆ ಮಾತ್ರ. ಅಲ್ಲಿಯವರೆಗೆ ಗೆರೆ ದುಂಡಗೆ ಬಾಗಿರುತ್ತದೆ.

ದೊಡ್ಡ ಮಾತು "ಎಂದೂ" ಅನ್ನುವುದು. ನೀವು ಬರೆದ ಚಿತ್ರ ಒಂದು ಎಕ್ಸ್‌ಪೈರಿಗೆ ಮಾತ್ರ. ಅದನ್ನೇ ಸಾಲಾಗಿ ಜೋಡಿಸಿದರೆ ಅದೇ ಆಕಾರ ಬರುವುದಿಲ್ಲ. ಮೆಲ್ಲಗೆ ಬೀಳುವ ಷೇರು ತೆಗೆದುಕೊಳ್ಳೋಣ. ಮೊದಲ ಮೂರು ತಿಂಗಳು 100ರಿಂದ ಸರಿಯಾಗಿ 95ಕ್ಕೆ ಬಂತು. 95ರ ಪುಟ್ ಸೊನ್ನೆ. ನಿಮ್ಮ ನಷ್ಟ ಷೇರಿನಲ್ಲಿ 5, ಪ್ರೀಮಿಯಂ 3, ಒಟ್ಟು 8. ಈಗ ಹೊಸ ಪುಟ್ ಬೇಕು. ಅಷ್ಟೇ ಕೆಳಗೆ, 90ಕ್ಕೆ ಕೊಂಡಿರಿ, ಮತ್ತೆ 3. ಷೇರು 90ಕ್ಕೆ ಬಂತು. ಮತ್ತೆ 8. ಮೂರನೇ ಸಲ 85ರ ಪುಟ್, ಷೇರು 85. ಇನ್ನೊಂದು 8.

ಒಂಬತ್ತು ತಿಂಗಳಲ್ಲಿ ನಿಮಗೆ 24 ಹೋಯಿತು. ಏನೂ ಮಾಡದೆ ಸುಮ್ಮನೆ ಕೂತವನಿಗೆ ಹೋದದ್ದು 15. ಪುಟ್ ಒಮ್ಮೆಯೂ ಕೈ ಹಿಡಿಯಲಿಲ್ಲ, ಪ್ರತಿ ಸಲವೂ ನೆಲ ಒಂದು ಮೆಟ್ಟಿಲು ಕೆಳಗೆ ಹೋಯಿತು. ಅದೇ ಷೇರು ಮೊದಲ ಮೂರು ತಿಂಗಳಲ್ಲೇ 85ಕ್ಕೆ ಬಿದ್ದಿದ್ದರೆ ನಿಮ್ಮ ನಷ್ಟ 8ಕ್ಕೆ ನಿಲ್ಲುತ್ತಿತ್ತು. ಕೊನೆಯ ಬೆಲೆ ಒಂದೇ, ಹೋದ ದಾರಿ ಬೇರೆ. ಪುಟ್ ಚುರುಕಾಗಿ ಬೀಳುವುದಕ್ಕೆ ಮದ್ದು, ಸವೆಯುವುದಕ್ಕೆ ಅಲ್ಲ.

ಶ್ರೀಲತಾ

ಇದು ಎಲ್ಲೂ ಓದಿರಲಿಲ್ಲ. ಮೊದಲೇ ಒಂಬತ್ತು ತಿಂಗಳ ಪುಟ್ ಕೊಂಡಿದ್ದರೆ?

ಅಂಕಿಮಿಡತೆ

ನಿಮ್ಮ 3ಕ್ಕೆ ಹೊಂದುವ ಅಂದಾಜಿನಲ್ಲಿ ಒಂಬತ್ತು ತಿಂಗಳ 95ರ ಪುಟ್ 6.5ರ ಹತ್ತಿರ ಬರುತ್ತದೆ. ಮೂರು ಮೂರಲೇ ಒಂಬತ್ತು ಆಗುವುದಿಲ್ಲ, ಅವಧಿ ಮೂರು ಪಟ್ಟಾದರೂ ಬೆಲೆ ಅಷ್ಟು ಏರುವುದಿಲ್ಲ. ಆಗ ನೆಲ ಮೈನಸ್ 11.5. ಮೇಲಿನ ನಿಧಾನ ಕುಸಿತದಲ್ಲೂ 24ರ ಬದಲು 11.5ಕ್ಕೆ ನಿಲ್ಲುತ್ತದೆ.

ಆದರೆ ಷೇರು ಮೊದಲು 130ಕ್ಕೆ ಏರಿ, ಆಮೇಲೆ 100ಕ್ಕೆ ವಾಪಸ್ ಬಂದರೆ ಈ ಪುಟ್ ಏನೂ ಮಾಡುವುದಿಲ್ಲ, ಅದು 95ರಲ್ಲೇ ಕೂತಿರುತ್ತದೆ. ಮೂರು ತಿಂಗಳಿಗೊಮ್ಮೆ ಹೊಸದು ಕೊಳ್ಳುವವರ ಸ್ಟ್ರೈಕ್ ಷೇರಿನ ಜೊತೆ ಮೇಲಕ್ಕೂ ಹೋಗಿರುತ್ತಿತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಬಾಲಂಗೋಚಿ

ಅದಕ್ಕೇ ಹೇಳಿದ್ದು, ಕಾಲ್ ಮಾರಿ ನೆಮ್ಮದಿಯಾಗಿರಿ. ಷೇರು ಬಿದ್ದರೆ ಕೆಳಗಿನ ಸ್ಟ್ರೈಕ್‌ನಲ್ಲಿ ಮತ್ತೆ ಮಾರಿ. ಪ್ರೀಮಿಯಂ ಬರುತ್ತಲೇ ಇರುತ್ತದೆ, ಕ್ರಮೇಣ ನಷ್ಟ ತುಂಬುತ್ತದೆ.

ಲೆಕ್ಕದಪುಸ್ತಕ

ಈ "ಕೆಳಗಿನ ಸ್ಟ್ರೈಕ್‌ನಲ್ಲಿ ಮತ್ತೆ ಮಾರಿ" ಅನ್ನುವುದೇ ಕವರ್ಡ್ ಕಾಲ್ ಮಾಡುವವರು ಸಿಕ್ಕಿಬೀಳುವ ಜಾಗ. ನಿಮ್ಮ ಮಾತನ್ನೇ ಲೆಕ್ಕಕ್ಕೆ ಹಾಕುತ್ತೇನೆ.

ಷೇರು 100. 105ರ ಕಾಲ್ ಮಾರಿ 4 ಬಂತು. ಷೇರು 85ಕ್ಕೆ ಬಿತ್ತು, ಕಾಲ್ ಸತ್ತಿತು, 4 ಉಳಿಯಿತು. ಈಗ ಮತ್ತೆ 105ರ ಕಾಲ್ ಮಾರಲು ಹೋದರೆ ಪುಡಿಗಾಸು ಸಿಗುತ್ತದೆ. ಅದಕ್ಕೆ 90ರದ್ದು ಮಾರಿದಿರಿ, ಇನ್ನೊಂದು 4 ಬಂತು. ಷೇರು ತಿರುಗಿ 100ಕ್ಕೆ ಬಂತು. 90ಕ್ಕೆ ಕೊಡಬೇಕು. 100ರ ಷೇರು 90ಕ್ಕೆ ಹೋಯಿತು, ಬಂದ ಪ್ರೀಮಿಯಂ ಒಟ್ಟು 8. ಕೈಯಲ್ಲಿ 98. ಏನೂ ಮಾಡದವನ ಕೈಯಲ್ಲಿ 100ರ ಷೇರೇ ಇದೆ. ಎರಡು ಸಲ ಪ್ರೀಮಿಯಂ ತೆಗೆದುಕೊಂಡು, ಷೇರು ಹೊರಟ ಜಾಗಕ್ಕೇ ಬಂದು ನಿಂತರೂ ನೀವು ಹಿಂದೆ ಬಿದ್ದಿರಿ. ಇಳಿಯುವಾಗ ಪೂರ್ತಿ ಇಳಿದು, ಏರುವಾಗ 5 ಮಾತ್ರ ಏರಿದ್ದರ ಫಲ ಇದು.

ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ BXM ಅಂತ ಸಿಬೋ ಎಕ್ಸ್‌ಚೇಂಜಿನ ಒಂದು ಸೂಚ್ಯಂಕ ಇದೆ. ಎಸ್ ಆ್ಯಂಡ್ ಪಿ 500 ಇಟ್ಟುಕೊಂಡು ತಿಂಗಳಿಗೊಮ್ಮೆ ಹತ್ತಿರದ ಸ್ಟ್ರೈಕ್‌ನ ಕಾಲ್ ಮಾರುತ್ತಾ ಹೋಗುವ ಲೆಕ್ಕ ಅದು. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿದು ಅಷ್ಟೇ ಬೇಗ ಎದ್ದಿತಲ್ಲ, ಆ ವರ್ಷ ಡಿವಿಡೆಂಡ್ ಸೇರಿಸಿ ಎಸ್ ಆ್ಯಂಡ್ ಪಿ 500 ಶೇಕಡಾ 18ಕ್ಕೂ ಜಾಸ್ತಿ ಗಳಿಸಿತು. BXM ವರ್ಷವನ್ನು ಸಣ್ಣ ನಷ್ಟದಲ್ಲಿ ಮುಗಿಸಿತು.

ಬಾಲಂಗೋಚಿ

ನಿಮಗೆ ಬೇಕಾದ ವರ್ಷ ಆರಿಸಿಕೊಂಡಿದ್ದೀರಿ. 2022 ಯಾಕೆ ಹೇಳಲಿಲ್ಲ?

ಲೆಕ್ಕದಪುಸ್ತಕ

ನ್ಯಾಯವಾದ ಮಾತು. 2022ರಲ್ಲಿ ಎಸ್ ಆ್ಯಂಡ್ ಪಿ 500 ಶೇಕಡಾ 18ರಷ್ಟು ಕಳೆದುಕೊಂಡಿತು, BXM ಅದಕ್ಕಿಂತ ಸಾಕಷ್ಟು ಕಡಿಮೆ ಕಳೆದುಕೊಂಡಿತು. ಆ ವರ್ಷ ಮಾರುಕಟ್ಟೆ ಒಂದೇ ಏಟಿಗೆ ಬೀಳಲಿಲ್ಲ, ತಿಂಗಳುಗಟ್ಟಲೆ ಜಗ್ಗಾಡುತ್ತಾ ಇಳಿಯಿತು. ಪ್ರತಿ ತಿಂಗಳ ಪ್ರೀಮಿಯಂ ಅಲ್ಲಿ ಕೆಲಸಕ್ಕೆ ಬಂತು. ನಾನು ಮೇಲೆ ಬರೆದ 24ರ ಲೆಕ್ಕವನ್ನು ತಿರುಗಿಸಿ ನೋಡಿ, ಮೆಲ್ಲಗೆ ಇಳಿಯುವ ದಾರಿಯಲ್ಲಿ ಪುಟ್ ಕೊಂಡವನು ಕಳೆದುಕೊಳ್ಳುವುದೇ ಆಪ್ಷನ್ ಮಾರಿದವನ ಗಳಿಕೆ.

ಮಂಜಿನಹನಿ

ಇಷ್ಟೊತ್ತು ಓದಿದೆ. ಒಂದು ದಡ್ಡ ಪ್ರಶ್ನೆ. ಒಂದೇ ಷೇರು ಜಾಸ್ತಿ ಇದೆ ಅನ್ನುವುದೇ ತೊಂದರೆ ಆದರೆ ಅರ್ಧ ಮಾರಿಬಿಟ್ಟರೆ ಆಗುವುದಿಲ್ಲವಾ? 80ಕ್ಕೆ ಬಿದ್ದರೆ 10 ನಷ್ಟ, ಕವರ್ಡ್ ಕಾಲ್‌ನ 16ಕ್ಕಿಂತ ಕಡಿಮೆ. 130 ಆದರೆ 15 ಲಾಭ, ಅಲ್ಲಿಯ 9ಕ್ಕಿಂತ ಜಾಸ್ತಿ. ಪ್ರೀಮಿಯಂ ಇಲ್ಲ, ಎಕ್ಸ್‌ಪೈರಿ ಇಲ್ಲ.

ಲೆಕ್ಕದಪುಸ್ತಕ

ದಡ್ಡ ಪ್ರಶ್ನೆ ಅಲ್ಲ, ಈ ಎಳೆಯಲ್ಲಿ ಮೊದಲೇ ಬರಬೇಕಿತ್ತು. ಅರ್ಧ ಇಳಿಜಾರಿನ ನೇರ ಗೆರೆಯನ್ನು ಮೂರನೆಯದಾಗಿ ಅದೇ ಕಾಗದದ ಮೇಲೆ ಎಳೆಯಬೇಕು. 92 ಮತ್ತು 118ರ ನಡುವೆ ಕವರ್ಡ್ ಕಾಲ್ ಅದಕ್ಕಿಂತ ಮೇಲಿರುತ್ತದೆ, ಎರಡು ತುದಿಯಲ್ಲೂ ಕೆಳಗೆ. ಪುಟ್ ಗೆರೆ ತುದಿಗಳಲ್ಲಿ ಮೇಲಿರುತ್ತದೆ, 84ರ ಕೆಳಗೆ ಮತ್ತು 106ರ ಮೇಲೆ. ಪುಟ್ ಕೊಳ್ಳಲು ಹೊರಟವರು ಸುಮ್ಮನೆ ಇಟ್ಟುಕೊಳ್ಳುವುದಕ್ಕೆ ಅದನ್ನು ಹೋಲಿಸುತ್ತಾರೆ, ಈ ಗೆರೆಗೆ ಹೋಲಿಸುವವರು ಕಡಿಮೆ.

ನಡುದಾರಿ

40ಕ್ಕೆ ಕೊಂಡವರು ಅರ್ಧ ಮಾರಿದರೆ ತೆರಿಗೆ ಕಟ್ಟಬೇಕು ಮಹಾರಾಯರೇ. ನೇರ ಗೆರೆ ಅಷ್ಟು ಪುಕ್ಕಟೆ ಅಲ್ಲ.

ಶ್ರೀಲತಾ

ಮೂರು ಗೆರೆಯನ್ನೂ ಎಳೆದೆ. ಸದ್ಯಕ್ಕೆ ಕಾಲ್ ಮಾರುವ ಯೋಚನೆ ಬಿಟ್ಟಿದ್ದೇನೆ. ನನ್ನ ಭಯ ದೊಡ್ಡ ಕುಸಿತದ್ದು, ಅಲ್ಲಿ 4 ಬಂದರೂ ನನಗೆ ಸಮಾಧಾನ ಆಗುವುದಿಲ್ಲ. ಅರ್ಧ ಮಾರುವುದೋ, ಒಂಬತ್ತು ತಿಂಗಳ ಪುಟ್ಟೋ ಅನ್ನುವುದು ಉಳಿದಿದೆ. ನನ್ನ ಷೇರಿನ ನಿಜವಾದ ಒಂಬತ್ತು ತಿಂಗಳ ಪುಟ್ ಬೆಲೆ ನೋಡಲು ಹೋದೆ. ಕೊಳ್ಳುವವರು 5 ಅನ್ನುತ್ತಿದ್ದಾರೆ, ಮಾರುವವರು 9 ಅನ್ನುತ್ತಿದ್ದಾರೆ, ನಡುವೆ ಯಾರೂ ಇಲ್ಲ. 6.5ಕ್ಕೆ ಆರ್ಡರ್ ಹಾಕಿದರೆ ಸಿಗುತ್ತದಾ?

ಅಂಕಿಮಿಡತೆ

ಹಾಕಿ ನೋಡಿ, ಲಿಮಿಟ್ ಆರ್ಡರ್ ಮಾತ್ರ ಹಾಕಿ. 9ಕ್ಕೆ ಕೊಂಡರೆ ನೆಲ ಮೈನಸ್ 14ಕ್ಕೆ ಇಳಿಯುತ್ತದೆ, ಆಗ ಮಂಜಿನಹನಿಯವರ ಅರ್ಧ ಗೆರೆ ಷೇರು 72ಕ್ಕೆ ಇಳಿಯುವವರೆಗೂ ನಿಮ್ಮ ಪುಟ್‌ಗಿಂತ ಮೇಲಿರುತ್ತದೆ.